ನಿಲ್ಲದ ಫ್ರಿಜ್, ಒಣಗದ ಕಾಲುಚೀಲ

ಬಯಲುಸೀಮೆಯ ನೆಂಟರಿಗೆ ನಮ್ಮನ್ನು ನೋಡಿದರೆ ಒಂದು ತಮಾಷೆ. ‘ಮಡಿಕೇರಿಯಲ್ಲಿ ಮಳೆಗಾಲಕ್ಕೆ ಫ್ರಿಜ್ ಯಾಕ್ರೀ? ಹಾಲು ಕಿಟಕಿ ಹತ್ರ ಇಟ್ರೆ ಸಾಲ್ದಾ?’ ಅಂತ ನಗುತ್ತಾರೆ. ಕಳೆದ ಆಷಾಢದಲ್ಲಿ ಆ ಮಾತು ನಿಜವೇ ಆಯಿತು. ಕಿಟಕಿ ಹತ್ತಿರ ಇಟ್ಟ ಹಾಲು ಚೆನ್ನಾಗಿತ್ತು. ಫ್ರಿಜ್ಜಿನಲ್ಲಿಟ್ಟ ಹಾಲು ಒಡೆಯಿತು.

ಹಾಗಂತ ಫ್ರಿಜ್ ಸುಮ್ಮನೆ ಕೂತಿರಲಿಲ್ಲ. ಹಗಲೂ ರಾತ್ರಿ ಗುಂಯ್ ಅನ್ನುತ್ತಲೇ ಇತ್ತು. ಫ್ರೀಜರಿನೊಳಗೆ ಹಿಮ ಎಷ್ಟು ಬೆಳೆದಿತ್ತೆಂದರೆ ಹಂದಿ ಮಾಂಸದ ಡಬ್ಬಿ ಗೋಡೆಗೇ ಅಂಟಿಕೊಂಡಿತ್ತು. ಕೆಳಗಿನ ತಟ್ಟೆಯಲ್ಲಿ ಮಾತ್ರ ಮೊಸರು ಹುಳಿಯಾಗಿ ಉಕ್ಕುತ್ತಿತ್ತು. ಮೇಲೆ ಹಿಮಾಲಯ, ಕೆಳಗೆ ಮಂಗಳೂರು.

ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ನಮ್ಮ ಯಜಮಾನರು ಒಳಗಿನ ತಿರುಗುಗುಂಡಿಯನ್ನು ಕೊನೆಯ ನಂಬರಿಗೆ ತಿರುಗಿಸಿದರು. ಹಿಮ ಇನ್ನಷ್ಟು ಬೆಳೆಯಿತು, ಅಷ್ಟೇ. ಅತ್ತೆ ಜ್ವರದ ಥರ್ಮಾಮೀಟರನ್ನು ಮೊಸರಿನ ಪಕ್ಕ ಇಟ್ಟು ಪಾದರಸ ಅಲ್ಲಾಡಲಿಲ್ಲ ಅಂತ ನೋಡಿ, ‘ಏನೂ ಇಲ್ವಲ್ಲ, ಚೆನ್ನಾಗೇ ಇದೆ’ ಅಂದರು. ಆ ಥರ್ಮಾಮೀಟರ್ ಶುರುವಾಗುವುದೇ 35 ಡಿಗ್ರಿಯಿಂದ. ಫ್ರಿಜ್‌ಗೆ ಜ್ವರ ಇಲ್ಲ ಅನ್ನುವುದಷ್ಟೇ ಅದರಿಂದ ಗೊತ್ತಾಯಿತು. ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ತೀರ್ಪು ಕೊಟ್ಟರು: ‘ಗ್ಯಾಸ್ ಹೋಗಿದೆ ಮೇಡಂ. ತುಂಬಿಸ್ಬೇಕು.’

ಈ ಗ್ಯಾಸಿನ ಮಾತು ನನಗೆ ಯಾಕೋ ಸರಿ ಕಾಣಲಿಲ್ಲ. ಗ್ಯಾಸ್ ಸೋರಿ ಕಮ್ಮಿಯಾದರೆ ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಚೂರು ಹಿಮ ಕಟ್ಟುತ್ತೆ, ಉಳಿದದ್ದು ಬರಿದಾಗಿರುತ್ತೆ. ಫ್ರಿಜ್ಜಿನ ಬೆನ್ನೂ ಅಷ್ಟಾಗಿ ಬಿಸಿಯಾಗಲ್ಲ. ನಮ್ಮದರಲ್ಲಿ ನಾಲ್ಕೂ ಗೋಡೆಗೆ ಸಮನಾಗಿ, ದಪ್ಪವಾಗಿ ಹಿಮ. ಇನ್ನು ಬೆನ್ನು ಬಿಸಿ ಇದೆಯಾ ಅಂತ ನೋಡೋಣ ಅಂತ ಹಿಂದೆ ಕೈ ಹಾಕಿದೆ. ಬಿಸಿ ಇತ್ತು. ಜೊತೆಗೆ ಏನೋ ಮೆತ್ತಗೂ ಇತ್ತು. ಎಳೆದರೆ ಒಂದು ಮಂಕಿ ಕ್ಯಾಪ್ ಬಂತು.

ಅದರ ಹಿಂದೆ ಯಜಮಾನರ ಕಾಲುಚೀಲ. ಅತ್ತೆಯ ಉಣ್ಣೆಯ ಮಫ್ಲರ್. ಮಗಳ ಯೂನಿಫಾರ್ಮಿನ ಬೆಲ್ಟು. ಇಲ್ಲಿ ಜೂನ್ ಶುರುವಾದರೆ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ ಅನ್ನುವುದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹಳೆಯ ಫ್ರಿಜ್ಜಿನ ಹಿಂದೆ ಕಪ್ಪು ಬಣ್ಣದ, ಕಂಬಿ ಕಂಬಿಯಾದ ಜಾಲರಿ ಇರುತ್ತಲ್ಲ, ಅದು ಸದಾ ಬೆಚ್ಚಗಿರುತ್ತೆ ಅಂತ ಅತ್ತೆ ಕಂಡುಹಿಡಿದಿದ್ದರು. ‘ಕರೆಂಟು ಹೇಗಿದ್ರೂ ಸುಡುತ್ತೆ. ಬಿಸಿ ಯಾಕೆ ವೇಸ್ಟ್ ಮಾಡೋದು?’ ಅನ್ನುವುದು ಅವರ ವಾದ.

ವಾದ ಚೆನ್ನಾಗಿದೆ. ಆದರೆ ಫ್ರಿಜ್ ಬದುಕುವುದೇ ಆ ಬಿಸಿಯನ್ನು ವೇಸ್ಟ್ ಮಾಡಿ. ಅದೇನೂ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಹಿಂದಿನ ಜಾಲರಿಯಲ್ಲಿ ಸುರಿಯುತ್ತೆ. ಅದಕ್ಕೆ ಕಂಡೆನ್ಸರ್ ಅಂತಾರೆ. ಗಾಳಿ ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಹರಿದು ಬಿಸಿಯನ್ನು ಒಯ್ಯಬೇಕು. ನಮ್ಮಲ್ಲಿ ಗಾಳಿಯ ದಾರಿಗೆ ಮಫ್ಲರ್ ಅಡ್ಡ ನಿಂತಿತ್ತು. ಬಟ್ಟೆ ತೆಗೆದ ಮೇಲೆ ಕಂಡದ್ದು ಇನ್ನೊಂದು ಪದರ: ಉಣ್ಣೆಯ ನಾರು, ಒಲೆಯ ಮಸಿ, ಒಗ್ಗರಣೆಯ ಜಿಡ್ಡು, ನಾಯಿಯ ಕೂದಲು. ಎಲ್ಲ ಸೇರಿ ಕಂಬಿಗೆ ಕಂಬಳಿ ಹೊದಿಸಿದ್ದವು. ಬಿಸಿ ಹೊರಗೆ ಹೋಗದಿದ್ದರೆ ಯಂತ್ರ ಎಷ್ಟು ಓಡಿದರೂ ಕೆಲಸ ಮುಗಿಯಲ್ಲ. ಹೊರಗೆ ಅಷ್ಟು ಚಳಿ ಇರುವಾಗ ಫ್ರಿಜ್ ಕಮ್ಮಿ ಓಡಬೇಕಿತ್ತು, ಅಲ್ವಾ? ಅದು ನಿಲ್ಲದೆ ಓಡುತ್ತಿದ್ದದ್ದೇ ದೊಡ್ಡ ಸುಳಿವು.

ಹಿಮದ ಮೂಲ ಮಾತ್ರ ಬೇರೆ ಕಡೆ ಇತ್ತು. ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ ಇರುತ್ತಲ್ಲ, ಗ್ಯಾಸ್ಕೆಟ್, ಅದರ ಪರೀಕ್ಷೆಗೆ ಒಂದು 10 ರೂಪಾಯಿ ನೋಟು ಸಾಕು. ಪಟ್ಟಿಗೂ ಚೌಕಟ್ಟಿಗೂ ನಡುವೆ ನೋಟಿಟ್ಟು ಬಾಗಿಲು ಹಾಕಬೇಕು, ಆಮೇಲೆ ಎಳೆಯಬೇಕು. ಬಿಗಿಯಾಗಿ ಬಂದರೆ ಪಾಸು. ಗೇಣಿಗೊಂದು ಕಡೆ ಹೀಗೆ ಸುತ್ತ ನೋಡುತ್ತಾ ಬಂದೆ. ಹಿಡಿಕೆಯ ಕಡೆಯ ಕೆಳಮೂಲೆಯಲ್ಲಿ ನೋಟು ತಾನಾಗಿಯೇ ಜಾರಿ ಬಿತ್ತು.

ಬಗ್ಗಿ ನೋಡಿದರೆ ಅಲ್ಲಿ ಜೇನು. ಬಾಗಿಲಿನ ಗೂಡಲ್ಲಿಟ್ಟಿದ್ದ ಬಾಟಲಿಯಿಂದ ಇಳಿದು, ರಬ್ಬರಿಗೂ ಚೌಕಟ್ಟಿಗೂ ಸೇರಿ ಅಂಟಿ ಕೂತಿತ್ತು. ಬಾಗಿಲು ತೆಗೆದಾಗಲೆಲ್ಲ ಆ ಅಂಟು ಪಟ್ಟಿಯನ್ನು ಜಗ್ಗಿ, ಜಗ್ಗಿ, ಕೊನೆಗೆ ಅದು ತನ್ನ ತೋಡಿನಿಂದ ಎದ್ದು ಸೊಟ್ಟಗಾಗಿತ್ತು. (ಜೇನನ್ನು ಫ್ರಿಜ್ಜಿನಲ್ಲಿಡುವ ಅಗತ್ಯವೇ ಇಲ್ಲ. ಇಟ್ಟರೆ ಸಕ್ಕರೆಗಟ್ಟುತ್ತೆ. ಈ ಮಾತನ್ನು ನಾನು ನಮ್ಮ ಮನೆಯಲ್ಲಿ ಇನ್ನು ಹೇಳುವುದಿಲ್ಲ.) ಆ ಸಂದಿಯಿಂದ ಬರುತ್ತಿದ್ದದ್ದು ಕೊಡಗಿನ ಆಷಾಢದ ಗಾಳಿ, ಅಂದರೆ ಮುಕ್ಕಾಲು ಮಳೆ. ಒಳಗೆ ಬಂದ ನೀರಿನ ಆವಿ ಫ್ರೀಜರಿನ ಗೋಡೆ ಮುಟ್ಟಿ ಹಿಮವಾಗುತ್ತೆ. ಆಗುವಾಗ ತನ್ನಲ್ಲಿದ್ದ ಬಿಸಿಯನ್ನೂ ಅಲ್ಲೇ ಬಿಟ್ಟುಹೋಗುತ್ತೆ, ಅದನ್ನೂ ಫ್ರಿಜ್ಜೇ ಹೊರಬೇಕು. ಹಿಮ ದಪ್ಪವಾದಷ್ಟೂ ಗೋಡೆಯ ತಂಪು ಕೆಳಗಿನ ತಟ್ಟೆಗಳಿಗೆ ತಲುಪಲ್ಲ. ಮೇಲೆ ಗಡ್ಡೆ, ಕೆಳಗೆ ಹುಳಿ ಮೊಸರು ಆದದ್ದು ಹೀಗೆ.

ರಿಪೇರಿಗೆ ಮೊದಲು ಪ್ಲಗ್ ಕಿತ್ತೆ. ಮಾಂಸ ಪಕ್ಕದ ಮನೆಯ ಫ್ರೀಜರಿಗೆ ಹೋಯಿತು. ಯಜಮಾನರು ಹಿಮ ಕೆತ್ತಲು ಕತ್ತಿಯನ್ನೇ ತಂದರು. ಅದನ್ನು ಕಸಿದುಕೊಂಡದ್ದು ಆ ದಿನದ ನನ್ನ ಮುಖ್ಯ ಸಾಧನೆ. ಫ್ರೀಜರಿನ ಗೋಡೆಯೊಳಗೇ ಗ್ಯಾಸಿನ ಸಣ್ಣ ದಾರಿಗಳಿರುತ್ತವೆ. ಅಲ್ಯೂಮಿನಿಯಂ ತೆಳ್ಳಗಿರುತ್ತೆ. ಒಂದು ತೂತು ಬಿದ್ದರೆ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ್ದು ನಿಜವಾಗಿಬಿಡುತ್ತೆ. ಬಿಸಿನೀರಿನ ಪಾತ್ರೆ ಒಳಗಿಟ್ಟು ಬಾಗಿಲು ತೆರೆದುಬಿಟ್ಟೆವು. ಆರಿದಾಗ ನೀರು ಬದಲಿಸಿದೆವು. ಮಧ್ಯಾಹ್ನದ ಹೊತ್ತಿಗೆ ಹಿಮ ಹಲಗೆ ಹಲಗೆಯಾಗಿ ತಾನೇ ಕಳಚಿ ಬಿತ್ತು.

ಅಷ್ಟರಲ್ಲಿ ಜಾಲರಿಗೆ ಮೆತ್ತನೆಯ ಬ್ರಷ್ಷು, ಆಮೇಲೆ ಒಣಬಟ್ಟೆ. ಕೊಳವೆ ಬಗ್ಗದ ಹಾಗೆ ಮೆಲ್ಲಗೆ ಉಜ್ಜಬೇಕು. ಗ್ಯಾಸ್ಕೆಟ್ಟನ್ನು ಸೋಪಿನ ಬೆಚ್ಚಗಿನ ನೀರಲ್ಲಿ, ಮಡಿಕೆಗಳೊಳಗೆ ಹಳೆಯ ಟೂತ್‌ಬ್ರಷ್ ಹಾಕಿ ತೊಳೆದೆ. ಸೊಟ್ಟಗಾದ ಮೂಲೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಒತ್ತಿ ಹಿಡಿದರೆ ರಬ್ಬರು ಮೆತ್ತಗಾಗುತ್ತೆ. ಆಗ ನೇರ ಮಾಡಿ ತೋಡಿನೊಳಗೆ ಬೆರಳಿಂದ ಒತ್ತಿ ಕೂರಿಸಿದೆ. ಒಳಗಿರುವ ಅಯಸ್ಕಾಂತದ ಪಟ್ಟಿ ಟಪ್ ಅಂತ ಚೌಕಟ್ಟನ್ನು ಹಿಡಿಯಿತು. ಹರಿದಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲ, ಮಾಡೆಲ್ ನಂಬರ್ ಹೇಳಿ ಹೊಸದೇ ತರಬೇಕಿತ್ತು. ಕೊನೆಗೆ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದು, ಗುಂಡಿಯನ್ನು ನಡುವಿನ ನಂಬರಿಗೆ ಇಳಿಸಿದೆವು.

ಮಾರನೆ ದಿನ ಮಗಳ ಲ್ಯಾಬ್ ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನಡುವಿನ ತಟ್ಟೆಯಲ್ಲಿಟ್ಟೆವು. ಬೆಳಿಗ್ಗೆ 5 ಡಿಗ್ರಿ. ಮೋಟಾರು ಓಡಿ, ಟಕ್ ಅಂತ ನಿಂತು, ಒಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ಮೊದಲ ಸಲ ನಿಂತಾಗ ‘ಕೆಟ್ಟೇ ಹೋಯ್ತು!’ ಅಂತ ಅತ್ತೆ ಕೂಗಿಕೊಂಡರು.

ಈಗ ಅವರಿಗೆ ಕಾಲುಚೀಲದ ಚಿಂತೆ. ಹೊಸ ಫ್ರಿಜ್ ತಂದರೆ ಈ ಜಂಜಾಟ ಇಲ್ಲ ಅತ್ತೆ, ಬಹಳಷ್ಟು ಹೊಸ ಫ್ರಿಜ್‌ಗಳಲ್ಲಿ ಹಿಂದೆ ಜಾಲರಿಯೇ ಇರಲ್ಲ, ಕೊಳವೆಗಳು ಪಕ್ಕದ ಗೋಡೆಯೊಳಗಿರುತ್ತವೆ, ಅದಕ್ಕೇ ಅವುಗಳ ಪಕ್ಕ ಮುಟ್ಟಿದರೆ ಬೆಚ್ಚಗಿರುತ್ತೆ ಅಂತ ವಿವರಿಸಿದೆ.

‘ಎರಡೂ ಪಕ್ಕಾನಾ?’ ಅಂದರು ಅತ್ತೆ. ‘ಹಾಗಾದ್ರೆ ತಗೊಳ್ಳೋಣ. ಬೆಡ್‌ಶೀಟೂ ಹಾಕಬಹುದು.’