30 ಮಹಡಿ, 4 ಲಿಫ್ಟ್: ಕೋರ್ ಒಂದೇ ಇರಲೋ, ಎರಡಿರಲೋ?

ಪರ: ನಾಲ್ಕೂ ಒಂದೇ ಕಡೆ ಇರಲಿ

ಕೋರ್ ಎಂದರೆ ಲಿಫ್ಟ್, ಮೆಟ್ಟಿಲು, ಲಾಬಿ ಒಟ್ಟಿಗಿರುವ ಕಟ್ಟಡದ ಭಾಗ. ಅಪಾರ್ಟ್‌ಮೆಂಟಿಗೆ 30 ಮಹಡಿ, ಮಹಡಿಗೆ 8 ಮನೆ, 4 ಲಿಫ್ಟ್ ಎಂದಿಟ್ಟುಕೊಳ್ಳಿ. ಬೆಳಗಿನ ದಟ್ಟಣೆಯಲ್ಲಿ ಒಂದು ಲಿಫ್ಟ್ ಮೇಲೆ ಹೋಗಿ, ಅಲ್ಲಲ್ಲಿ ನಿಂತು, ಮತ್ತೆ ಕೆಳಗೆ ಬರಲು 180 ಸೆಕೆಂಡ್ ಹಿಡಿಯುತ್ತದೆ ಎನ್ನೋಣ. ನಾಲ್ಕೂ ಒಂದೇ ಲಾಬಿಯಲ್ಲಿದ್ದು ಒಂದೇ ಬಟನ್‌ಗೆ ಓಗೊಟ್ಟರೆ ಸರಾಸರಿ 45 ಸೆಕೆಂಡಿಗೊಂದು ಲಿಫ್ಟ್ ಸಿಗುತ್ತದೆ. ಎರಡು ಕೋರ್‌ಗೆ ಎರಡೆರಡು ಹಂಚಿದರೆ 90 ಸೆಕೆಂಡಿಗೊಂದು.

ಜನವೂ ಅರ್ಧವಾಯಿತಲ್ಲ, ಸುತ್ತು ಬೇಗ ಮುಗಿಯಬೇಕಲ್ಲ ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ. ಜನ ಅರ್ಧವಾದರೂ ಲಿಫ್ಟ್ ಬರುವ ನಡುವಿನ ಹೊತ್ತು ಇಮ್ಮಡಿಯಾಗುವುದರಿಂದ ಪ್ರತಿ ಸುತ್ತಿಗೂ ಸೇರುವವರು ಅಷ್ಟೇ, ನಿಲ್ಲುವ ಮಹಡಿಗಳೂ ಹೆಚ್ಚುಕಡಿಮೆ ಅಷ್ಟೇ.

ಒಂದು ಲಿಫ್ಟ್ ಸರ್ವಿಸ್‌ಗೆ ನಿಂತ ದಿನವಂತೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಟ್ಟಿಗಿದ್ದರೆ ಉಳಿದ ಮೂರು 60 ಸೆಕೆಂಡಿಗೊಂದರಂತೆ ಬರುತ್ತವೆ. ಬೇರೆಬೇರೆ ಇದ್ದರೆ ಆ ಕೋರ್‌ನವರಿಗೆ ಉಳಿಯುವುದು ಒಂದೇ. 180 ಸೆಕೆಂಡ್, ಅದೂ ಕ್ಯಾಬಿನ್‌ನಲ್ಲಿ ಜಾಗವಿದ್ದರೆ. ಮನೆ ಖಾಲಿ ಮಾಡುವವರು ಸಾಮಾನಿಗಾಗಿ ಒಂದನ್ನು ಹಿಡಿದಿಟ್ಟರೂ ಇದೇ ಕಥೆ.

ವಿರೋಧ: ಆ 45 ಸೆಕೆಂಡಿನ ಬೆಲೆ ಕಾರಿಡಾರ್‌ನಲ್ಲಿದೆ

ಲೆಕ್ಕ ಸರಿ, ಆದರೆ ಅರ್ಧ. ಎಂಟು ಮನೆಗೆ ಒಂದೇ ಕೋರ್ ಎಂದರೆ ಅಲ್ಲಿಂದ ಎರಡೂ ತುದಿಗೆ ಕಾರಿಡಾರ್ ಬೇಕು. 25 ಮೀಟರ್ ಉದ್ದ, 1.5 ಮೀಟರ್ ಅಗಲ ಹಿಡಿದರೂ ಮಹಡಿಗೆ 37.5 ಚದರ ಮೀಟರ್, 30 ಮಹಡಿಗೆ 1,125. ಯಾರೂ ವಾಸಿಸದ ಈ ಜಾಗಕ್ಕೆ ಹಗಲಲ್ಲೂ ದೀಪ ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ನಡುವಿನ ಮನೆಗಳ ಬೆನ್ನು ಕಾರಿಡಾರ್‌ಗೆ ತಾಗಿ ಕಿಟಕಿ ಒಂದೇ ಮುಖಕ್ಕೆ ಉಳಿಯುತ್ತದೆ. ಒಂದು ಲಾಬಿಯ ಸುತ್ತ ನಾಲ್ಕೇ ಮನೆ ಕೂರಿಸಿದರೆ ಪ್ರತಿ ಮನೆಗೂ ಎರಡು ಕಡೆಯ ಗಾಳಿ ಕೊಡಬಹುದು.

ಪೈಪುಗಳ ವಿಷಯಕ್ಕೆ ಬನ್ನಿ. ಮನೆಗಳು ಲಾಬಿಯನ್ನು ಸುತ್ತುವರಿದಿದ್ದರೆ ಬಾತ್‌ರೂಮುಗಳನ್ನು ಅದರ ಗೋಡೆಗೆ ತಂದು, ಪೈಪುಗಳು ಹಾಯುವ ಶಾಫ್ಟಿನ ಬಾಗಿಲನ್ನು ಲಾಬಿಗೆ ತೆರೆಯಬಹುದು. ಮಧ್ಯರಾತ್ರಿ ವಾಲ್ವ್ ಸೋರಿದರೆ ಪ್ಲಂಬರ್ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ಒಂದೇ ಷರತ್ತು: ಪೈಪ್ ಸ್ಲ್ಯಾಬ್ ದಾಟುವಲ್ಲೆಲ್ಲ ಸುತ್ತಲಿನ ಸಂದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿರಬೇಕು. ಬಾಗಿಲು ತೆರೆದು ಟಾರ್ಚ್ ಬಿಟ್ಟಾಗ ಕೆಳಗಿನ ಮಹಡಿ ಕಂಡರೆ ಹೊಗೆಗೂ ಅದೇ ದಾರಿ.

ಮೆಟ್ಟಿಲು ಮಾತ್ರ ತೊಡಕು. ಪ್ರತಿ ಕೋರ್‌ಗೂ ಎರಡೆರಡು ಬೇಕೆಂದು ನಿಯಮವಿದ್ದರೆ ಉಳಿಸಿದ ಜಾಗದ ಒಂದು ಪಾಲು ಅಲ್ಲಿಗೇ ಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಹಾಗಿದ್ದೂ 180 ಸೆಕೆಂಡಿಗೆ ಉತ್ತರವಿದೆ: ಕೋರ್‌ಗೆ ಮೂರು ಲಿಫ್ಟ್. ಒಂದು ಲಿಫ್ಟ್ ಶಾಫ್ಟ್‌ಗೆ ಮಹಡಿಗೆ 6 ಚದರ ಮೀಟರ್ ಎಂದರೆ, ಹೆಚ್ಚುವರಿ ಎರಡಕ್ಕೆ 30 ಮಹಡಿಗಳಲ್ಲಿ 360. ಕಾರಿಡಾರ್‌ನಲ್ಲಿ ಉಳಿದದ್ದರ ಮೂರನೇ ಒಂದು ಪಾಲೂ ಅಲ್ಲ. ಆಗ ಸಾಮಾನ್ಯ ದಿನ 60 ಸೆಕೆಂಡ್, ಒಂದು ಲಿಫ್ಟ್ ಕೆಟ್ಟುನಿಂತ ದಿನ 90. ಯಂತ್ರಗಳ ಖರ್ಚು, ವರ್ಷವರ್ಷದ ನಿರ್ವಹಣೆ ಹೆಚ್ಚಾಗುತ್ತದೆ ನಿಜ. ನಾನಾದರೆ ಅದನ್ನು ಕೊಟ್ಟೇನು, ಕತ್ತಲ ಕಾರಿಡಾರನ್ನಲ್ಲ.