ತಾಯಿಯ ಆರನೇ ಒಂದು ಪಾಲು ಯಾವುದರಲ್ಲಿ?

ಒಬ್ಬ ವ್ಯಕ್ತಿ ತೀರಿಕೊಂಡಿದ್ದಾನೆ. ಹಿಂದೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮತ್ತು ಆತನ ಹೆತ್ತ ತಾಯಿ ಉಳಿದಿದ್ದಾರೆ. ತಂದೆ ಮೊದಲೇ ತೀರಿಹೋಗಿದ್ದಾರೆ. ಅಣ್ಣತಮ್ಮ, ಅಕ್ಕತಂಗಿಯರು ಇರಬಹುದು, ಆದರೆ ಗಂಡುಮಕ್ಕಳು ಇರುವುದರಿಂದ ಅವರಿಗೆ ಪಾಲಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಇದಕ್ಕಿಂತ ಸಾಧಾರಣ ಪ್ರಕರಣ ಸಿಗುವುದು ಕಷ್ಟ. ಆದರೂ ತಪ್ಪು ಪಾಲುಪಟ್ಟಿಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ, ಅದರಲ್ಲೂ ಬಹುಪಾಲು ತಪ್ಪು ತಾಯಿಯ ಸಾಲಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಹೆಂಡತಿಯನ್ನು ಯಾರೂ ಮರೆಯುವುದಿಲ್ಲ, ಮಗಳು ಕೇಳುತ್ತಾಳೆ. ತಾಯಿಯ ವಿಷಯಕ್ಕೆ ಬಂದರೆ ಮಾತ್ರ "ಅಮ್ಮೀಜಾನ್ ನಮ್ಮ ಜೊತೇಲೇ ಇರ್ತಾರಲ್ಲ, ಅವರಿಗೆ ಬೇರೆ ಪಾಲು ಯಾಕೆ" ಎಂಬ ಮಾತು ಬರುತ್ತದೆ.

ಮೊದಲು ನಿಯಮ ನೋಡೋಣ. ಕುರ್‌ಆನ್‌ನ ಸೂರಾ ಅನ್ನಿಸಾದ 11 ಮತ್ತು 12ನೇ ಆಯತ್‌ಗಳೇ ಇದರ ಮೂಲ. 1937ರ ಶರಿಯತ್ ಅನ್ವಯ ಕಾಯ್ದೆಯ ಮೂಲಕ ನಮ್ಮ ನ್ಯಾಯಾಲಯಗಳು ಇದನ್ನು ಅನ್ವಯಿಸುತ್ತವೆ. ಮೃತನಿಗೆ ಮಕ್ಕಳಿದ್ದರೆ ಹೆಂಡತಿಗೆ 1/8, ತಾಯಿಗೆ 1/6. ಮಕ್ಕಳೇ ಇಲ್ಲದಿದ್ದರೆ ಹೆಂಡತಿಯ ಪಾಲು 1/4 ಆಗುತ್ತಿತ್ತು, ತಾಯಿಯದು 1/3ಕ್ಕೆ ಏರಬಹುದಿತ್ತು. ಆ ದೊಡ್ಡ ಭಿನ್ನರಾಶಿಗಳನ್ನು ಎಲ್ಲೋ ಓದಿ ಇಲ್ಲಿಗೆ ತಂದು ಹಾಕುವವರೂ ಇದ್ದಾರೆ. ಇವರಿಬ್ಬರದು ಗೊತ್ತುಪಡಿಸಿದ ಪಾಲು, ಮೊದಲು ಎತ್ತಿಡಬೇಕಾದದ್ದು. ಗಂಡುಮಕ್ಕಳು ಜೊತೆಗಿರುವಾಗ ಮಗಳಿಗೆ ಗೊತ್ತುಪಡಿಸಿದ ಪಾಲು ಇಲ್ಲ. ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು ಎಂಬಂತೆ ಮೂವರೂ ಹಂಚಿಕೊಳ್ಳುತ್ತಾರೆ. ಈ ಕುಟುಂಬದ ಮಟ್ಟಿಗೆ ಸುನ್ನಿ ಹನಫಿ ಲೆಕ್ಕಕ್ಕೂ ಶಿಯಾ ಲೆಕ್ಕಕ್ಕೂ ಉತ್ತರ ಒಂದೇ.

ಈಗ ಭಿನ್ನರಾಶಿ. 8 ಮತ್ತು 6ಕ್ಕೆ ಸಾಮಾನ್ಯ ಛೇದ 24. ಹೆಂಡತಿಗೆ 3, ತಾಯಿಗೆ 4, ಮಕ್ಕಳಿಗೆ ಉಳಿಯುವುದು 17. ಈ 17ನ್ನು ಎರಡು, ಎರಡು, ಒಂದು ಅಂದರೆ ಐದು ಘಟಕಗಳಾಗಿ ಒಡೆಯಬೇಕು, ಅದು ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ 24ನ್ನೇ 5ರಿಂದ ಗುಣಿಸಿ 120 ಮಾಡಿಕೊಳ್ಳುತ್ತೇವೆ. ಆಗ ಹೆಂಡತಿಗೆ 15, ತಾಯಿಗೆ 20, ಮಕ್ಕಳಿಗೆ ಒಟ್ಟು 85. ಅದರಲ್ಲಿ ಪ್ರತಿ ಮಗನಿಗೆ 34, ಮಗಳಿಗೆ 17. ಕೂಡಿದರೆ 120. ಈ ಕುಟುಂಬಕ್ಕೆ ಈ ಸಂಖ್ಯೆ ಎಂದಿಗೂ ಇದೇ. ಆಸ್ತಿ ಐದು ಲಕ್ಷವಿರಲಿ ಐದು ಕೋಟಿಯಿರಲಿ, ಪಿತ್ರಾರ್ಜಿತವಿರಲಿ ಸ್ವಯಾರ್ಜಿತವಿರಲಿ, ವ್ಯತ್ಯಾಸವಿಲ್ಲ. ಹುಟ್ಟಿನಿಂದಲೇ ಮಗನಿಗೆ ಹಕ್ಕು ಬರುವ ಏರ್ಪಾಡು ಈ ಕಾನೂನಿನಲ್ಲಿ ಇಲ್ಲವೇ ಇಲ್ಲ.

120ರಲ್ಲಿ ಭಾಗಿಸುವುದು ಏನನ್ನು ಎಂಬುದು ಮುಂದಿನ ಪ್ರಶ್ನೆ. ಕಾಲ್ಪನಿಕ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಮನೆಯ ಬೆಲೆ 42 ಲಕ್ಷ, ಬ್ಯಾಂಕಿನಲ್ಲಿ 10 ಲಕ್ಷ, ಗಾಡಿ 60 ಸಾವಿರ, ಒಟ್ಟು 52,60,000 ರೂಪಾಯಿ. ಇದರಲ್ಲಿ ಮೊದಲು ಕಫನ್ ದಫನ್ ಖರ್ಚು 35 ಸಾವಿರ ಹೋಗುತ್ತದೆ. ಆಮೇಲೆ ಸಾಲ: ಬ್ಯಾಂಕಿಗೆ 2 ಲಕ್ಷ, ಹೆಂಡತಿಗೆ ಕೊಡದೆ ಉಳಿದ ಮೆಹರ್ 1,25,000. ಮೆಹರ್ ಕೂಡ ಸಾಲವೇ. ನಿಕಾಹ್‌ನಾಮೆಯಲ್ಲಿ ಬರೆದ ಮೊತ್ತವನ್ನು ಕೊಟ್ಟಾಗಿದೆಯೇ ಎಂದು ಕೇಳದೆ ಪಾಲುಪಟ್ಟಿ ಬರೆಯಬಾರದು. ಮೆಹರ್ ಕೊಟ್ಟಿದ್ದೇವೆ, ಆದ್ದರಿಂದ 1/8 ಇಲ್ಲ ಎನ್ನುವುದೂ ತಪ್ಪು, 1/8 ಕೊಡುತ್ತೇವೆ, ಅದರಲ್ಲೇ ಮೆಹರ್ ಬಂತು ಎನ್ನುವುದೂ ತಪ್ಪು. ಎರಡೂ ಬೇರೆ ಬೇರೆ. ಆಕೆಯ ಸ್ವಂತ ಒಡವೆ, ಆಕೆಯ ಹೆಸರಿನಲ್ಲಿ ಆಕೆಯದೇ ದುಡ್ಡಿನ ಠೇವಣಿ ಈ ಪಟ್ಟಿಗೆ ಬರುವುದೇ ಇಲ್ಲ.

ಸಾಲಗಳು ಹೋದ ಮೇಲೆ 49 ಲಕ್ಷ ಉಳಿಯಿತು. ಆತ ಮಸೀದಿಗೆ 1 ಲಕ್ಷ ವಸಿಯತ್, ಅಂದರೆ ಮರಣಶಾಸನ, ಮಾಡಿದ್ದಾನೆ ಎನ್ನೋಣ. ವಸಿಯತ್‌ಗೆ ಮಿತಿ, ಹೀಗೆ ಉಳಿದ ಮೊತ್ತದ ಮೂರನೇ ಒಂದು. 49 ಲಕ್ಷಕ್ಕೆ ಅದು 16 ಲಕ್ಷದ ಮೇಲಾಗುತ್ತದೆ, ಆದ್ದರಿಂದ 1 ಲಕ್ಷ ಸರಾಗವಾಗಿ ನಡೆಯುತ್ತದೆ. ಇದೇ ವಸಿಯತ್ ದೊಡ್ಡ ಮಗನ ಹೆಸರಿಗಿದ್ದರೆ ಕಥೆ ಬೇರೆ. ಹನಫಿ ಕಾನೂನಿನಲ್ಲಿ ವಾರಸುದಾರನಿಗೆ ಬರೆದ ವಸಿಯತ್ ಒಂದು ರೂಪಾಯಿಯದಾದರೂ, ಸಾವಿನ ನಂತರ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಿಲ್ಲುತ್ತದೆ.

ಕೊನೆಗೆ ಹಂಚಿಕೆಗೆ ಸಿಕ್ಕಿದ್ದು 48 ಲಕ್ಷ. 120ರಿಂದ ಭಾಗಿಸಿದರೆ ಒಂದು ಪಾಲಿಗೆ 40 ಸಾವಿರ. ಹೆಂಡತಿಗೆ 6,00,000. ತಾಯಿಗೆ 8,00,000. ಗಂಡುಮಕ್ಕಳಿಗೆ ತಲಾ 13,60,000. ಮಗಳಿಗೆ 6,80,000.

ಇಲ್ಲಿ ಸ್ವಲ್ಪ ನಿಲ್ಲಬೇಕು, ನಾನು ಹೇಳಬೇಕೆಂದಿರುವ ತಪ್ಪು ಇರುವುದು ಇಲ್ಲೇ. ಪಾಲು ಹಾಕಲು ಕೂತವರು ಮೊದಲು ಹೆಂಡತಿಯ 6 ಲಕ್ಷ ಎತ್ತಿಡುತ್ತಾರೆ. ಉಳಿದ 42 ಲಕ್ಷದಲ್ಲಿ ತಾಯಿಗೆ ಆರನೇ ಒಂದು ಎಂದು 7 ಲಕ್ಷ ಬರೆಯುತ್ತಾರೆ. ಉಳಿದ 35 ಲಕ್ಷವನ್ನು ಮಕ್ಕಳಿಗೆ ಹಂಚಿದರೆ ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ಕೂಡಿ ನೋಡಿ, ಸರಿಯಾಗಿ 48 ಲಕ್ಷ! ಅಂಕಿಗಳೂ ಗುಂಡುಗುಂಡಾಗಿ ಬಂದಿವೆ, ಯಾರಿಗೂ ಅನುಮಾನ ಬರುವುದಿಲ್ಲ. ತಾಯಿಯ ಒಂದು ಲಕ್ಷ ಮಾತ್ರ ಸದ್ದಿಲ್ಲದೆ ಮೊಮ್ಮಕ್ಕಳ ಕೈಗೆ ದಾಟಿದೆ. 1/8 ಮತ್ತು 1/6 ಎರಡನ್ನೂ ಇಡೀ 48 ಲಕ್ಷದ ಮೇಲೇ ತೆಗೆಯಬೇಕು, ಒಂದನ್ನು ಕಳೆದು ಉಳಿದದ್ದರ ಮೇಲೆ ಇನ್ನೊಂದನ್ನು ಅಲ್ಲ. ಉಳಿದದ್ದು ಎಂಬ ಮಾತು ಅನ್ವಯಿಸುವುದು ಮಕ್ಕಳಿಗೆ ಮಾತ್ರ.

ಮೊತ್ತ ತಾಳೆಯಾಯಿತು ಎಂಬ ಕಾರಣಕ್ಕೆ ಪಟ್ಟಿ ಸರಿ ಎನ್ನಲಾಗದು, ಉಳಿದದ್ದನ್ನೆಲ್ಲ ಮಕ್ಕಳಿಗೆ ಕೊಟ್ಟರೆ ಎಂಥ ತಪ್ಪು ಲೆಕ್ಕವೂ ತಾಳೆಯಾಗುತ್ತದೆ. ನೋಡಬೇಕಾದದ್ದು ತಾಯಿಗೂ ಹೆಂಡತಿಗೂ ಇರುವ ಅನುಪಾತ. ಅದು 4ಕ್ಕೆ 3 ಇರಲೇಬೇಕು. 8 ಲಕ್ಷಕ್ಕೆ 6 ಲಕ್ಷ ಸರಿ, 7ಕ್ಕೆ 6 ಬಂದರೆ ಪಟ್ಟಿ ಹರಿದುಹಾಕಿ. ಇನ್ನೊಂದು ಗುರುತು: ಈ ಕುಟುಂಬದಲ್ಲಿ ತಾಯಿಯ ಪಾಲು ಮಗಳ ಪಾಲಿಗಿಂತ ಹೆಚ್ಚು, ಮಗಳದು ಹೆಂಡತಿಯದಕ್ಕಿಂತ ಹೆಚ್ಚು. ತಪ್ಪು ಪಟ್ಟಿಯಲ್ಲಿ ತಾಯಿಗೂ ಮಗಳಿಗೂ 7 ಲಕ್ಷವೇ ಬಂದಿರುವುದನ್ನು ಗಮನಿಸಿ.

ತಾಯಿಯ ಹೆಸರನ್ನು ಪೂರ್ತಿ ಬಿಟ್ಟುಬಿಟ್ಟಾಗ ಆಗುವ ತೊಂದರೆ ಇನ್ನೂ ದೊಡ್ಡದು, ಅದು ಗೊತ್ತಾಗುವುದು ಕೆಲವು ವರ್ಷಗಳ ನಂತರ. ಮಗ ಸತ್ತ ಕ್ಷಣದಲ್ಲಿ ತಾಯಿ ಬದುಕಿದ್ದರೆ ಸಾಕು, 20/120 ಆಕೆಯದಾಯಿತು. ಖಾತೆ ಆಗಲಿಲ್ಲ, ದುಡ್ಡು ಕೈಗೆ ಬರಲಿಲ್ಲ ಎಂಬುದರಿಂದ ಅದು ಇಲ್ಲವಾಗುವುದಿಲ್ಲ. ಆಮೇಲೆ ಆಕೆ ತೀರಿಕೊಂಡರೆ ಆ 20 ಪಾಲು ಮೊಮ್ಮಕ್ಕಳಿಗೆ ತಾನಾಗಿ ವಾಪಸ್ ಬರುತ್ತದೆ ಎಂದುಕೊಂಡಿರುವವರೇ ಹೆಚ್ಚು. ಬರುವುದಿಲ್ಲ. ಅದು ಆಕೆಯ ವಾರಸುದಾರರಿಗೆ ಹೋಗುತ್ತದೆ. ಆಕೆಗೆ ಇನ್ನೊಬ್ಬ ಮಗ ಮತ್ತು ಒಬ್ಬ ಮಗಳು ಇದ್ದಾರೆ ಎಂದಿಟ್ಟುಕೊಳ್ಳಿ. ಬದುಕಿರುವ ಮಗ ಇರುವಾಗ ಮೊದಲೇ ತೀರಿಕೊಂಡ ಮಗನ ಮಕ್ಕಳಿಗೆ ಅಜ್ಜಿಯ ಆಸ್ತಿಯಲ್ಲಿ ಪಾಲಿಲ್ಲ. ಮನೆ ಭಾಗವಾಗುವ ಹೊತ್ತಿಗೆ ಚಾಚಾ ಮತ್ತು ಫುಫ್ಫು ಬಂದು ಕೂರುತ್ತಾರೆ, ಮಕ್ಕಳು "ಅಬ್ಬಾನ ಮನೇಲಿ ನಿಮ್ಮದೇನು" ಎನ್ನುತ್ತಾರೆ. ಕಾನೂನಿನ ಪ್ರಕಾರ ಅವರು ಕೇಳುತ್ತಿರುವುದು ಅಣ್ಣನ ಆಸ್ತಿಯನ್ನಲ್ಲ, ತಮ್ಮ ತಾಯಿಯ ಆಸ್ತಿಯನ್ನು.

ಲೆಕ್ಕ ಹೀಗೆ ಮುಂದುವರಿಯುತ್ತದೆ. 20 ಪಾಲನ್ನು ಎರಡಕ್ಕೆ ಒಂದರಂತೆ ಮೂರು ಭಾಗ ಮಾಡಬೇಕು, ಒಡೆಯುವುದಿಲ್ಲ, ಆದ್ದರಿಂದ 120ನ್ನು 3ರಿಂದ ಗುಣಿಸಿ 360. ಹೆಂಡತಿಗೆ 45, ಗಂಡುಮಕ್ಕಳಿಗೆ ತಲಾ 102, ಮಗಳಿಗೆ 51, ಚಾಚಾಗೆ 40, ಫುಫ್ಫುಗೆ 20. ಒಟ್ಟು 360. ಅಜ್ಜಿಗೆ ಸ್ವಂತ ಸಾಲ, ಸ್ವಂತ ವಸಿಯತ್ ಇದ್ದರೆ ಆಕೆಯ ಆ ಭಾಗದಿಂದ ಮೊದಲು ಅದು ಹೋಗಬೇಕು. ಅದೇ ಅಜ್ಜಿ ಮಗನಿಗಿಂತ ಒಂದು ದಿನ ಮೊದಲು ತೀರಿಕೊಂಡಿದ್ದರೆ ಆಕೆಗೆ ಏನೂ ಇಲ್ಲ. ಹೆಂಡತಿಗೆ 5/40, ಗಂಡುಮಕ್ಕಳಿಗೆ ತಲಾ 14/40, ಮಗಳಿಗೆ 7/40, ಅಷ್ಟೇ. ಹಾಗಾಗಿ ವಂಶವೃಕ್ಷ ಮಾಡಿಸುವಾಗ ಇಬ್ಬರ ಮರಣ ಪ್ರಮಾಣಪತ್ರದ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಜ್ಜಿಗೆ ನಿಜವಾಗಿಯೂ ಮೊಮ್ಮಕ್ಕಳಿಗೆ ಬಿಟ್ಟುಕೊಡುವ ಮನಸ್ಸಿದ್ದರೆ ದಾರಿ ಇದೆ. ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡಬಹುದು. ಹಿಬಾಗೆ ಕೊಟ್ಟೆ ಎಂಬ ಮಾತು, ತೆಗೆದುಕೊಂಡೆ ಎಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು, ಮೂರೂ ಬೇಕು. ಭಾಗವಾಗದ ಆಸ್ತಿಯ ಪಾಲನ್ನೂ ಜೊತೆ ವಾರಸುದಾರನಿಗೆ ಹಿಬಾ ಕೊಡಲು ಹನಫಿ ಕಾನೂನು ಅಡ್ಡಬರುವುದಿಲ್ಲ. ಬಾಯಿಮಾತಿನ ಹಿಬಾ ಸಿಂಧು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಮತ್ತೆ ಹೇಳಿದೆ, ಆದರೆ ಆಮೇಲೆ ಅದನ್ನು ಸಾಬೀತು ಮಾಡುವ ಪಾಡು ಬೇಡವೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದೇ ಲೇಸು. ಇಲ್ಲವೇ ಆಕೆ ತನ್ನ ಆಸ್ತಿಯ ಮೂರನೇ ಒಂದರವರೆಗೆ ವಸಿಯತ್ ಬರೆಯಬಹುದು. ಇನ್ನೊಬ್ಬ ಮಗ ಬದುಕಿರುವಾಗ ಈ ಮೊಮ್ಮಕ್ಕಳು ಆಕೆಯ ವಾರಸುದಾರರಲ್ಲ, ಆದ್ದರಿಂದ ಅವರಿಗೆ ಬರೆದದ್ದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಜಮಾತಿನವರ ಮುಂದೆ "ನನಗೇನೂ ಬೇಡಪ್ಪಾ" ಎಂದು ಕಣ್ಣೊರೆಸಿಕೊಂಡದ್ದು ಇದ್ಯಾವುದೂ ಅಲ್ಲ.

ಪೌತಿ ಖಾತೆಯ ಬಗ್ಗೆ ಒಂದು ಮಾತು. ಅಲ್ಲಿ ಐದೂ ಹೆಸರು ಜಂಟಿಯಾಗಿ ಕೂತ ಮಾತ್ರಕ್ಕೆ ಎಲ್ಲರಿಗೂ ಐದನೇ ಒಂದು ಎಂದಾಗುವುದಿಲ್ಲ. ತಾಯಿಯ ಹೆಸರು ಬಿಟ್ಟುಹೋದ ಮಾತ್ರಕ್ಕೆ ಆಕೆಯ ಹಕ್ಕೂ ಹೋಗುವುದಿಲ್ಲ. ಖಾತೆ ಕಂದಾಯದ ದಾಖಲೆ, ಪಾಲಿನ ತೀರ್ಮಾನ ಅಲ್ಲ. ಬ್ಯಾಂಕಿನ ನಾಮಿನಿಯ ವಿಷಯವೂ ಹಾಗೆಯೇ: ಆತ ಹಣ ಪಡೆಯಬಲ್ಲ, ಒಡೆಯನಾಗುವುದಿಲ್ಲ. ಆ 10 ಲಕ್ಷವೂ 120 ಪಾಲಾಗಬೇಕು.

ಮನೆ ಕೊಳ್ಳುವವರಿಗೂ ಈ ಲೆಕ್ಕ ಗೊತ್ತಿರಬೇಕು. ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಮಾತ್ರ ಸಹಿ ಹಾಕಿದ ಕ್ರಯಪತ್ರದಿಂದ ದಾಟುವುದು 15, 34, 34, ಒಟ್ಟು 83 ಪಾಲು. ಅಜ್ಜಿಯ 20, ಮಗಳ 17, ಅಂದರೆ 37/120 ಅವರವರ ಬಳಿಯೇ ಉಳಿಯುತ್ತದೆ, ಪೂರ್ತಿ ಬೆಲೆ ಕೊಟ್ಟಿದ್ದರೂ. ಮಗಳು ಅಪ್ರಾಪ್ತಳಾಗಿದ್ದು ಆಕೆಯ ಪರವಾಗಿ ತಾಯಿ ಸಹಿ ಮಾಡಿದ್ದರೆ ಅದೂ ನಿಲ್ಲುವುದಿಲ್ಲ. ಮಕ್ಕಳ ಸ್ಥಿರಾಸ್ತಿಗೆ ತಾಯಿ ಈ ಕಾನೂನಿನಲ್ಲಿ ಸಹಜ ಪೋಷಕಿಯಲ್ಲ ಎಂದು ಪ್ರಿವಿ ಕೌನ್ಸಿಲ್ 1918ರಲ್ಲೇ ಇಮಾಂಬಂದಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಪೋಷಕಿಯಾಗಿ ನೇಮಕವಾಗಿ, ಮಾರಾಟಕ್ಕೆ ಅನುಮತಿ ಪಡೆದ ಆದೇಶದ ಪ್ರತಿ ಕ್ರಯಪತ್ರದ ಜೊತೆಗಿದ್ದರೆ ಮಾತ್ರ ಆ 17 ಪಾಲಿಗೆ ದುಡ್ಡು ಕೊಡಿ.