ಜರ್ಮನಿಗೆ ಎಂಎಸ್: ಎರಡು ವರ್ಷ ದುಡಿದು ಬನ್ನಿ ಅನ್ನುತ್ತೇನೆ, ಆದರೆ…

ನಾನಿರುವ ಸ್ಟುಟ್‌ಗಾರ್ಟ್ ಕಡೆ ಪ್ರತಿ ಅಕ್ಟೋಬರ್‌ಗೆ ನಮ್ಮೂರಿನ ಇಂಜಿನಿಯರಿಂಗ್ ಹುಡುಗರು ಬಂದಿಳಿಯುತ್ತಾರೆ. ಕೆಲವರು ಬಿಇ ಮುಗಿಸಿದ ಕೂಡಲೇ ಬಂದವರು, ಕೆಲವರು ಬೆಂಗಳೂರಲ್ಲಿ ಎರಡು ವರ್ಷ ದುಡಿದು ಬಂದವರು. ಮೊದಲ ಸೆಮಿಸ್ಟರ್‌ನಲ್ಲಿ ನೇರ ಬಂದವರದೇ ಮೇಲುಗೈ. ಕ್ಯಾಲ್ಕುಲಸ್ ಇನ್ನೂ ತಲೆಯಲ್ಲಿರುತ್ತದೆ ಅಲ್ವಾ!

ಲೆಕ್ಕ ತಿರುಗುವುದು ಎರಡನೇ ವರ್ಷ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ಸಾಮಾನ್ಯವಾಗಿ 11,904 ಯೂರೋ ಇಡಬೇಕು. ತಿಂಗಳಿಗೆ 992ರಂತೆ ಕೈಗೆ ಬಂದು ವರ್ಷಕ್ಕೆ ಖಾಲಿಯಾಗುತ್ತದೆ. ಓದು ಎರಡು ವರ್ಷದ್ದು. ಇಲ್ಲಿ ಇರುವ ಪರ್ಮಿಟ್ ಮುಂದುವರಿಸಲು ಮತ್ತೆ ದುಡ್ಡು ತೋರಿಸಬೇಕು. ಈ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಬೇರೆ. ಹಾಗಾಗಿ ಎಲ್ಲರೂ ವರ್ಕಿಂಗ್ ಸ್ಟೂಡೆಂಟ್ ಕೆಲಸ ಹುಡುಕುತ್ತಾರೆ. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ. ಕನಿಷ್ಠ ಕೂಲಿಯೇ ಸಿಕ್ಕರೂ ತಿಂಗಳಿಗೆ ಸಾವಿರ ಯೂರೋ ದಾಟುತ್ತದೆ.

ಆದರೆ ಎಂಥ ಕೆಲಸ? ನನಗೆ ಗೊತ್ತಿರುವ ಹಾಸನದ ಹುಡುಗನೊಬ್ಬ ನೇರ ಬಂದವನು. ಸಿವಿಯಲ್ಲಿ ಕಾಲೇಜು ಪ್ರಾಜೆಕ್ಟ್ ಒಂದೇ, ಜರ್ಮನ್ ಭಾಷೆ ಆರಂಭದ ಎ1 ಮಟ್ಟದ್ದು. ಗೋದಾಮಿನಲ್ಲಿ ರಾತ್ರಿ ಪಾಳಿ ಸಿಕ್ಕಿತು. ನಿದ್ದೆ ಕೆಟ್ಟು ಎರಡು ಪೇಪರ್ ಉಳಿದವು, ಓದು ಮೂರನೇ ವರ್ಷಕ್ಕೆ ಹೋಯಿತು. ಅವನ ಜೊತೆಯ ದಾವಣಗೆರೆ ಹುಡುಗಿ ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಗೇಜು, ಡ್ರಾಯಿಂಗ್ ಹಿಡಿದು ಕ್ವಾಲಿಟಿ ನೋಡಿಕೊಂಡವಳು. ಸಂಜೆ ಕ್ಲಾಸಿಗೆ ಹೋಗಿ ಜರ್ಮನ್‌ನಲ್ಲಿ ಬಿ1 ಮಟ್ಟ ಮುಗಿಸಿದ್ದಳು. ಇಲ್ಲಿ ಒಂದು ಬಿಡಿಭಾಗ ಕಂಪನಿಯ ಇಂಟರ್‌ವ್ಯೂನಲ್ಲಿ, ಅಳತೆ ತಪ್ಪಿದ ಒಂದು ಲಾಟನ್ನು ಹೇಗೆ ಬೇರೆ ಮಾಡಿ ಕಾರಣ ಹುಡುಕಿದೆ ಎಂದು ವಿವರಿಸಿದಳು. ಕೆಲಸವೂ ಸಿಕ್ಕಿತು, ಥೀಸಿಸ್ಸೂ ಅಲ್ಲೇ ಆಯಿತು. ಥೀಸಿಸ್ ಮಾಡಿದ ಕಡೆಯೇ ಪೂರ್ಣ ಕೆಲಸ ಸಿಗುವುದು ಇಲ್ಲಿ ತೀರಾ ಸಾಮಾನ್ಯ.

ಹಾಗಂತ ಸುಮ್ನೆ ಯಾವುದೋ ಕೆಲಸದಲ್ಲಿ ಎರಡು ವರ್ಷ ಕಳೆದರೆ ಪ್ರಯೋಜನವಿಲ್ಲ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಕಂಪನಿಯ ಬೆಂಚಿನಲ್ಲಿ ಕೂತವರನ್ನು ಇಲ್ಲಿ ಫ್ರೆಶರ್ ಎಂದೇ ನೋಡುತ್ತಾರೆ. ಅಂಥ ಕೆಲಸ ಮಾತ್ರ ಸಿಗುವುದಾದರೆ, ಮನೆಯಲ್ಲಿ ಎರಡನೇ ವರ್ಷಕ್ಕೂ ದುಡ್ಡಿದ್ದರೆ, ನೇರ ಬರುವುದೇ ಮೇಲು. ಎರಡು ವರ್ಷ ನಾಲ್ಕಾಗಲೂ ಬಿಡಬಾರದು. ಸರ್ಕಾರಿ ಆರೋಗ್ಯ ವಿಮೆಯ ವಿದ್ಯಾರ್ಥಿ ದರ 30 ವಯಸ್ಸಿನವರೆಗೆ ಮಾತ್ರ.

ಕೆಲಸಕ್ಕೆ ಸೇರುವವರು ಎರಡು ವಿಷಯ ನೋಡಿಕೊಳ್ಳಿ. ಬಾಂಡ್ ಎಷ್ಟು ವರ್ಷದ್ದು, ನೋಟಿಸ್ ಪೀರಿಯಡ್ ಎಷ್ಟು ದಿನ. ಅಡ್ಮಿಷನ್ ಪತ್ರ ಆಗಸ್ಟ್‌ನಲ್ಲಿ ಬಂದು, ನೋಟಿಸ್ 90 ದಿನದ್ದಾದರೆ ಅಕ್ಟೋಬರ್ ಕ್ಲಾಸು ತಪ್ಪುತ್ತದೆ. ರಿಲೀವಿಂಗ್ ಲೆಟರ್ ಬಿಟ್ಟು ಓಡಿಬಂದರೆ, ಮಾಡಿದ ಕೆಲಸಕ್ಕೆ ಸರಿಯಾದ ದಾಖಲೆ ಇರುವುದಿಲ್ಲ. ನಮ್ಮ ಓದಿನ ದಾಖಲೆ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ ಬೇಕಾದ ಅಂಕಪಟ್ಟಿಗಳನ್ನಂತೂ ಕಾಲೇಜು ಬಿಡುವಾಗಲೇ ಕೈಗೆ ತೆಗೆದುಕೊಳ್ಳಿ. ಕೆಲಸದ ಮಧ್ಯೆ ರಜೆ ಹಾಕಿ ಅದಕ್ಕೆ ಅಲೆಯುವುದು ಯಾರಿಗೆ ಬೇಕು?